ಏರ್ ಟ್ಯಾಂಕಿನ ಉದ್ದ ಬೆಸುಗೆಗೆ 6 ಮಿ.ಮೀ. ಪ್ಲೇಟ್ ಏಕೆ ಸಾಲದು

ಪ್ರಶ್ನೆ: ಸರ್, ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಇದೆ. ಕಂಪ್ರೆಸರಿಗೆ ಏರ್ ಟ್ಯಾಂಕ್ ಮಾಡಿಕೊಡುವ ಆರ್ಡರ್ ಬಂದಿದೆ. ಒಳವ್ಯಾಸ 1000 ಮಿ.ಮೀ., ಶೆಲ್ ಉದ್ದ 2 ಮೀಟರ್, ಡಿಸೈನ್ ಒತ್ತಡ 12 ಬಾರ್, ಪ್ಲೇಟ್ ಎಸ್‌ಎ 516 ಗ್ರೇಡ್ 70, ತುಕ್ಕಿಗೆ 1.5 ಮಿ.ಮೀ. ಡಿಪ್ಲೊಮಾದಲ್ಲಿ ಕಲಿತ ಸೂತ್ರ ಹಾಕಿದರೆ 4.35 ಬರುತ್ತದೆ, 1.5 ಕೂಡಿಸಿದರೂ 6 ಮಿ.ಮೀ. ಸಾಕು ಎಂದು ನನ್ನ ಲೆಕ್ಕ. ಗಿರಾಕಿಯ ಇಂಜಿನಿಯರ್ ಮಾತ್ರ ಬೆಸುಗೆ ಇರುವುದರಿಂದ 8 ಬೇಕು ಎನ್ನುತ್ತಾರೆ. ನಮ್ಮ ಬೆಸುಗೆ ಪ್ಲೇಟಿಗಿಂತ ಗಟ್ಟಿ ಇರುತ್ತದೆ, ಹಾಗಿದ್ದರೆ 8 ಏಕೆ? ಎಕ್ಸ್‌ರೇ ಮಾಡಿಸಿದರೆ 6ಕ್ಕೆ ಇಳಿಯಬಹುದೇ?

ಉತ್ತರ: ಎಕ್ಸ್‌ರೇ ಇಲ್ಲದೆ ಮಾಡುವ ಟ್ಯಾಂಕಿಗೆ 8 ಮಿ.ಮೀ. ಪ್ಲೇಟೇ ಸರಿ. ಅಲ್ಲಲ್ಲಿ ಮಾತ್ರ ಎಕ್ಸ್‌ರೇ ಮಾಡಿಸಿದರೂ ನೀವು ಕೊಳ್ಳಬೇಕಾದ ಪ್ಲೇಟ್ 8 ಆಗಿಯೇ ಉಳಿಯುತ್ತದೆ. ಉದ್ದ ಬೆಸುಗೆಯನ್ನು ಪೂರ್ತಿ ಎಕ್ಸ್‌ರೇ ಮಾಡಿಸಿದರೆ 6 ಮಿ.ಮೀ. ಲೆಕ್ಕಕ್ಕೆ ಕೂಡುತ್ತದೆ, ಆದರೆ ಕೂದಲೆಳೆಯ ಅಂತರದಲ್ಲಿ. ಇದು ಹೇಗೆಂದು ತಿಳಿಯಬೇಕಾದರೆ ಟ್ಯಾಂಕಿನ ಗೋಡೆಯ ಮೇಲೆ ಬೀಳುವ ಎರಡು ಎಳೆತಗಳನ್ನು ಬೇರೆಬೇರೆಯಾಗಿ ನೋಡಬೇಕು, ಆಮೇಲೆ ಬೆಸುಗೆ ಯಾವ ಎಳೆತಕ್ಕೆ ಅಡ್ಡವಾಗಿ ಕೂತಿದೆ ಎಂಬುದನ್ನು ನೋಡಬೇಕು.

ಮೊದಲು ಶೆಲ್ಲನ್ನು ಅದರ ಉದ್ದಕ್ಕೆ ಎರಡು ಹೋಳಾಗಿ ಸೀಳಿದಂತೆ ಕಲ್ಪಿಸಿಕೊಳ್ಳಿ. ಒಳಗಿನ ಗಾಳಿ ಆ ಎರಡು ಹೋಳುಗಳನ್ನು ಪರಸ್ಪರ ದೂರ ತಳ್ಳುತ್ತದೆ. ತಳ್ಳುವ ಬಲವೆಂದರೆ ಒತ್ತಡವನ್ನು ಸೀಳಿದ ಜಾಗದ ಆಯತಾಕಾರದ ವಿಸ್ತೀರ್ಣದಿಂದ, ಅಂದರೆ ವ್ಯಾಸ ಗುಣಿಸು ಉದ್ದದಿಂದ, ಗುಣಿಸಿದಾಗ ಬರುವ ಮೊತ್ತ. ನಿಮ್ಮ ಟ್ಯಾಂಕಿನಲ್ಲಿ 12 ಬಾರ್ ಎಂದರೆ ಪ್ರತಿ ಚದರ ಮಿಲಿಮೀಟರಿಗೆ 1.2 ನ್ಯೂಟನ್. ಶೆಲ್ಲಿನ ಒಂದು ಮೀಟರ್ ಉದ್ದವನ್ನಷ್ಟೇ ತೆಗೆದುಕೊಂಡರೂ ಈ ಬಲ 12 ಲಕ್ಷ ನ್ಯೂಟನ್ ಆಗುತ್ತದೆ. ತೂಕದ ಭಾಷೆಯಲ್ಲಿ ಹೇಳಿದರೆ ಸುಮಾರು 122 ಟನ್. ಅದನ್ನು ತಡೆದು ಹಿಡಿಯುವುದು ಸೀಳಿನ ಎರಡು ಬದಿಯ ಗೋಡೆ ಮಾತ್ರ. ಆದ್ದರಿಂದ ಗೋಡೆಯ ಪ್ರತಿ ಮಿಲಿಮೀಟರ್ ಉದ್ದದ ಪಾಲಿಗೆ 600 ನ್ಯೂಟನ್ ಬರುತ್ತದೆ. ಎತ್ತಿನ ಬಂಡಿಯ ಗಾಲಿಗೆ ಕಾಸಿ ತೊಡಿಸಿದ ಕಬ್ಬಿಣದ ಪಟ್ಟಿ ತಣಿದ ಮೇಲೆ ತನ್ನ ಸುತ್ತಳತೆಯ ಉದ್ದಕ್ಕೂ ಬಿಗಿದುಕೊಂಡು ನಿಲ್ಲುವಂತೆ, ಶೆಲ್ಲಿನ ಗೋಡೆಯೂ ಸುತ್ತಳತೆಯ ದಿಕ್ಕಿನಲ್ಲಿ ಬಿಗಿದುಕೊಳ್ಳುತ್ತದೆ. ಈ ಬಿಗಿತವನ್ನು ಗೋಡೆಯ ದಪ್ಪದಿಂದ ಭಾಗಿಸಿದರೆ ಸಿಗುವುದೇ ಕಾಲೇಜಿನಲ್ಲಿ ಹೂಪ್ ಸ್ಟ್ರೆಸ್ ಎಂದು ಕಲಿಸುವ ಸುತ್ತು ಪೀಡನ.

```
σ_h = p·D / (2·t)
```

ಈಗ ಅದೇ ಶೆಲ್ಲನ್ನು ಕಬ್ಬಿನ ಗಳದ ಹಾಗೆ ಅಡ್ಡಲಾಗಿ ಕತ್ತರಿಸಿದಂತೆ ಭಾವಿಸಿ. ಈ ಸಲ ಗಾಳಿ ಎರಡೂ ತುದಿಯ ಡಿಶ್‌ಗಳನ್ನು ಹೊರಗೆ ನೂಕುತ್ತದೆ. ನೂಕುವ ಬಲ ಒತ್ತಡ ಗುಣಿಸು ವೃತ್ತದ ವಿಸ್ತೀರ್ಣ, ಅಂದರೆ ನಿಮ್ಮ ಟ್ಯಾಂಕಿನಲ್ಲಿ ಸುಮಾರು 9.42 ಲಕ್ಷ ನ್ಯೂಟನ್. ಇದೂ ಸಣ್ಣ ಬಲವೇನಲ್ಲ, ಆದರೆ ಇದನ್ನು ಹಿಡಿಯುವುದಕ್ಕೆ ಇಡೀ ಸುತ್ತಳತೆಯ ಗೋಡೆ, ಅಂದರೆ 3142 ಮಿ.ಮೀ., ಕೈಗೂಡಿಸುತ್ತದೆ. ಭಾಗಿಸಿದರೆ ಪ್ರತಿ ಮಿಲಿಮೀಟರಿಗೆ 300 ನ್ಯೂಟನ್ ಮಾತ್ರ. ಇದರಿಂದ ಬರುವ ಉದ್ದ ಪೀಡನ ಸುತ್ತು ಪೀಡನದ ಸರಿಯಾಗಿ ಅರ್ಧ.

```
σ_l = p·D / (4·t)
```

ಇಲ್ಲಿ ಗಮನಿಸಬೇಕಾದದ್ದು ದಿಕ್ಕು. ಪ್ಲೇಟನ್ನು ರೋಲ್ ಮಾಡಿ ಅದರ ಎರಡು ಅಂಚುಗಳನ್ನು ಕೂಡಿಸುವ ಉದ್ದ ಬೆಸುಗೆ ಶೆಲ್ಲಿನ ಉದ್ದಕ್ಕೆ ಓಡುತ್ತದೆ. ಹಾಗಾಗಿ ಅದನ್ನು ಅಡ್ಡಲಾಗಿ ಎಳೆದು ಬಿಡಿಸಲು ನೋಡುವುದು ದೊಡ್ಡದಾದ ಸುತ್ತು ಪೀಡನ. ಡಿಶ್‌ ಮತ್ತು ಶೆಲ್ಲಿನ ನಡುವಿನ ಸುತ್ತು ಬೆಸುಗೆಯನ್ನು ಎಳೆಯುವುದು ಚಿಕ್ಕದಾದ ಉದ್ದ ಪೀಡನ. ಹೆಸರುಗಳು ಹೀಗೆ ಅದಲುಬದಲಾದಂತೆ ಕಾಣುವುದರಿಂದಲೇ ಅನೇಕರು ಯಾವ ಬೆಸುಗೆಗೆ ಯಾವ ಸೂತ್ರ ಎಂಬುದನ್ನು ತಪ್ಪಾಗಿ ಹಾಕುತ್ತಾರೆ. ಉದ್ದ ಬೆಸುಗೆಯ ಪ್ರತಿ ಮಿಲಿಮೀಟರ್ 600 ನ್ಯೂಟನ್ ಹೊರುತ್ತದೆ, ಸುತ್ತು ಬೆಸುಗೆಯ ಪ್ರತಿ ಮಿಲಿಮೀಟರ್ 300 ನ್ಯೂಟನ್ ಹೊರುತ್ತದೆ ಎಂಬ ಎರಡು ಅಂಕಿಗಳನ್ನು ನೆನಪಿಟ್ಟುಕೊಂಡರೆ ಆ ಗೊಂದಲ ಉಳಿಯುವುದಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಬೆಸುಗೆ ಪ್ಲೇಟಿನಷ್ಟೇ ಗಟ್ಟಿ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಈ ಗ್ರೇಡಿನ ಪ್ಲೇಟಿನ ಕನಿಷ್ಠ ಟೆನ್ಸೈಲ್ ಬಲ 485 ಮೆಗಾಪ್ಯಾಸ್ಕಲ್, ಅಂದರೆ ಪ್ರತಿ ಚದರ ಮಿಲಿಮೀಟರಿಗೆ 485 ನ್ಯೂಟನ್. 7018 ಎಲೆಕ್ಟ್ರೋಡಿನ ಬೆಸುಗೆ ಲೋಹದ ಕನಿಷ್ಠ ಬಲವೂ ಸರಿಸುಮಾರು ಅಷ್ಟೇ. ಬೆಸುಗೆಯ ತುಂಡನ್ನು ಕತ್ತರಿಸಿ ಮಷಿನ್ನಿನಲ್ಲಿ ಎಳೆದರೆ ಪಕ್ಕದ ಪ್ಲೇಟೇ ಮೊದಲು ಹರಿಯುವುದೂ ಸಾಮಾನ್ಯ. ಆದರೆ ಆ ಪರೀಕ್ಷೆ ಹೇಳುವುದು ಒಳ್ಳೆಯ ಬೆಸುಗೆ ಎಷ್ಟು ಗಟ್ಟಿ ಎಂಬುದನ್ನು. ನಿಮ್ಮ ಟ್ಯಾಂಕಿನ ಎರಡು ಮೀಟರ್ ಉದ್ದ ಬೆಸುಗೆಯಲ್ಲಿ ಎಲ್ಲ ಕಡೆಯೂ ಅಂಥ ಬೆಸುಗೆಯೇ ಇದೆಯೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಹೊರಗಿನಿಂದ ನೋಡಿದ ಕಣ್ಣು ಉತ್ತರ ಕೊಡಲಾರದು. ಬುಡದಲ್ಲಿ ಬೆಸುಗೆ ಇಳಿಯದೆ ಉಳಿದ ಗೆರೆ, ಪದರಗಳ ನಡುವೆ ಸಿಕ್ಕಿಕೊಂಡ ಸ್ಲ್ಯಾಗ್, ಅಂಚಿಗೆ ಲೋಹ ಕೂಡದೆ ಬಿಟ್ಟ ಜಾಗ, ಇವೆಲ್ಲ ಚೆಂದದ ಮೇಲ್ಪದರದ ಕೆಳಗೆ ಅಡಗಿರುತ್ತವೆ. ಬೆಸುಗೆ ದಕ್ಷತೆ ಎಂದು ಸೂತ್ರದಲ್ಲಿ ಬರುವ E ಎಂಬ ಅಂಕಿ ಬೆಸುಗೆ ಲೋಹದ ದುರ್ಬಲತೆಯನ್ನು ಅಳೆಯುವುದಿಲ್ಲ. ನಾವು ಒಳಗೆ ನೋಡದೆ ಬಿಟ್ಟದ್ದಕ್ಕೆ ಪ್ಲೇಟಿನ ದಪ್ಪದ ರೂಪದಲ್ಲಿ ತೆರುವ ಬೆಲೆ ಅದು.

ಹಿಂದೆ ರಿವೆಟ್ ಹೊಡೆದು ಕೂಡಿಸುತ್ತಿದ್ದ ಬಾಯ್ಲರುಗಳಲ್ಲಿ ಈ ದಕ್ಷತೆಗೆ ನೇರವಾದ ಅರ್ಥವಿತ್ತು: ರಂಧ್ರಗಳನ್ನು ಕಳೆದು ಉಳಿದ ಲೋಹದ ಪಾಲು ಎಷ್ಟು ಎಂದು ಅಳೆದು ನೋಡಬಹುದಾಗಿತ್ತು. ಬೆಸುಗೆಯಲ್ಲಿ ಹಾಗೆ ಅಳೆಯಲು ಆಗದ ಕಾರಣ, ಎಎಸ್‌ಎಂಇ ಕೋಡಿನ ಎಂಟನೇ ವಿಭಾಗದ ಮೊದಲ ಭಾಗದಲ್ಲಿ ಬೆಸುಗೆಯ ಬಗೆ ಮತ್ತು ಎಕ್ಸ್‌ರೇಯ ಪ್ರಮಾಣ ಎರಡನ್ನೂ ನೋಡಿ ಅಂಕಿ ನಿಗದಿಮಾಡಿದ್ದಾರೆ. ಎರಡೂ ಬದಿಯಿಂದ ಹಾಕಿದ ಬಟ್ ಬೆಸುಗೆಗೆ ಪೂರ್ತಿ ಎಕ್ಸ್‌ರೇ ಇದ್ದರೆ 1.0, ಅಲ್ಲಲ್ಲಿ ಮಾದರಿಗಾಗಿ ತೆಗೆದರೆ 0.85, ಏನೂ ಇಲ್ಲದಿದ್ದರೆ 0.70. ಒಂದೇ ಬದಿಯಿಂದ ಹಾಕಿ, ಒಳಗೆ ಬ್ಯಾಕಿಂಗ್ ಪಟ್ಟಿಯನ್ನು ಹಾಗೆಯೇ ಬಿಟ್ಟರೆ ಕ್ರಮವಾಗಿ 0.90, 0.80 ಮತ್ತು 0.65. ನಮ್ಮ ದೇಶದ ಐಎಸ್ 2825 ಎಂಬ 1969ರ ಮಾನಕವೂ ಇದೇ ತತ್ವದ ಮೇಲೆ ನಡೆಯುತ್ತದೆ. ಗಿರಾಕಿ ಯಾವ ಕೋಡನ್ನು ಕೇಳಿದ್ದಾರೋ ಅದರ ಈಗಿನ ಆವೃತ್ತಿಯಲ್ಲಿ ಪ್ಲೇಟಿನ ಅನುಮತಿ ಪೀಡನವನ್ನೂ ದಕ್ಷತೆಯನ್ನೂ ಒಟ್ಟಿಗೇ ತೆಗೆದುಕೊಳ್ಳಬೇಕು. ಒಂದು ಕೋಡಿನ ಪೀಡನಕ್ಕೆ ಇನ್ನೊಂದು ಕೋಡಿನ ದಕ್ಷತೆಯನ್ನು ಜೋಡಿಸುವುದು ಸರಿಯಲ್ಲ.

ನಿಮ್ಮ ಪ್ಲೇಟಿಗೆ ಎಎಸ್‌ಎಂಇ ಕೋಡ್ ಸಾಮಾನ್ಯ ಉಷ್ಣತೆಯಲ್ಲಿ ಕೊಡುವ ಅನುಮತಿ ಪೀಡನ 138 ಮೆಗಾಪ್ಯಾಸ್ಕಲ್. ಇದು 485ನ್ನು 3.5ರಿಂದ ಭಾಗಿಸಿ ಬಂದದ್ದು. ಉದ್ದ ಬೆಸುಗೆಯ ಲೆಕ್ಕಕ್ಕೆ ಕೋಡಿನ ಸೂತ್ರ ಹೀಗಿದೆ:

```
t = P·R / (S·E − 0.6·P)
```

ಇಲ್ಲಿ R ಒಳ ತ್ರಿಜ್ಯ, S ಅನುಮತಿ ಪೀಡನ. ನೀವು ಕಲಿತ ಸೂತ್ರಕ್ಕೂ ಇದಕ್ಕೂ ಎರಡೇ ವ್ಯತ್ಯಾಸ. ಒಂದು E, ಇನ್ನೊಂದು ಛೇದದಲ್ಲಿರುವ 0.6P. ಗೋಡೆಯ ದಪ್ಪದುದ್ದಕ್ಕೂ ಪೀಡನ ಒಂದೇ ಸಮ ಇರುತ್ತದೆಂದು ತೆಳುಗೋಡೆಯ ಸೂತ್ರ ಊಹಿಸುತ್ತದೆ, ನಿಜದಲ್ಲಿ ಒಳಮೈಯಲ್ಲಿ ಅದು ಸ್ವಲ್ಪ ಹೆಚ್ಚು. ಆ ಹೆಚ್ಚಳವನ್ನು 0.6P ಸರಿದೂಗಿಸುತ್ತದೆ. ನಿಮ್ಮ ಟ್ಯಾಂಕಿನಲ್ಲಿ ತ್ರಿಜ್ಯವು ದಪ್ಪದ 70 ಪಟ್ಟಿಗಿಂತ ಹೆಚ್ಚಾಗಿರುವುದರಿಂದ ಈ ತಿದ್ದುಪಡಿ ಶೇಕಡಾ ಒಂದರ ಆಸುಪಾಸಿನದು. ತ್ರಿಜ್ಯವು ದಪ್ಪದ ಹತ್ತು ಪಟ್ಟಿಗೆ ಹತ್ತಿರವಾದಾಗ ಅದನ್ನು ಬಿಟ್ಟು ಲೆಕ್ಕ ಹಾಕಬಾರದು. ದಪ್ಪವು ತ್ರಿಜ್ಯದ ಅರ್ಧವನ್ನು ಮೀರಿದರೆ, ಅಥವಾ ಒತ್ತಡ 0.385SE ಯನ್ನು ಮೀರಿದರೆ, ಈ ಸೂತ್ರವೇ ಅನ್ವಯಿಸುವುದಿಲ್ಲ.

ತುಕ್ಕಿನ 1.5 ಮಿ.ಮೀ. ಒಳಗಿನಿಂದ ಸವೆದು ಹೋದ ಮೇಲೂ ಟ್ಯಾಂಕ್ 12 ಬಾರ್ ತಾಳಬೇಕು. ಆ ಸವೆದ ಸ್ಥಿತಿಯಲ್ಲಿ ಒಳ ತ್ರಿಜ್ಯ 501.5 ಮಿ.ಮೀ. ಆಗಿರುತ್ತದೆ, ಆದ್ದರಿಂದ ಸೂತ್ರಕ್ಕೆ 500ರ ಬದಲು ಅದನ್ನೇ ಹಾಕಬೇಕು. ಎಕ್ಸ್‌ರೇ ಇಲ್ಲದ, ಎರಡೂ ಬದಿಯ ಬೆಸುಗೆಗೆ ಲೆಕ್ಕ ಹೀಗಾಗುತ್ತದೆ:

```
t = 1.2 × 501.5 / (138 × 0.70 − 0.6 × 1.2)
  = 601.8 / 95.88
  = 6.28 mm
6.28 + 1.50 = 7.78 mm
```

ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಮುಂದಿನ ಅಳತೆ 8 ಮಿ.ಮೀ. ಗಿರಾಕಿಯ ಇಂಜಿನಿಯರ್ ಹೇಳಿದ್ದು ಇದನ್ನೇ. ಅವರು ಹೆಚ್ಚಿನ ಎಚ್ಚರಿಕೆಗೆಂದು ದಪ್ಪ ಏರಿಸಿಲ್ಲ. ಕೋಡಿನ ಅಗತ್ಯಕ್ಕಿಂತ ಅವರು ಉಳಿಸಿಕೊಂಡಿರುವುದು ಕಾಲು ಮಿಲಿಮೀಟರಿಗೂ ಕಡಿಮೆ.

ನಿಮ್ಮ 6 ಮಿ.ಮೀ. ಶೆಲ್ಲನ್ನು ಇದೇ ಸ್ಥಿತಿಯಲ್ಲಿ ಪರೀಕ್ಷಿಸಿ ನೋಡೋಣ. ತುಕ್ಕು ತಿಂದ ಮೇಲೆ ಉಳಿಯುವುದು 4.5 ಮಿ.ಮೀ. ಆಗ ಸುತ್ತು ಪೀಡನ ಸುಮಾರು 134 ಮೆಗಾಪ್ಯಾಸ್ಕಲ್. ಪ್ಲೇಟಿನ ಮಟ್ಟಿಗೆ ಇದು 138ರ ಒಳಗೇ ಇದೆ, ಆದ್ದರಿಂದಲೇ ನಿಮ್ಮ ಲೆಕ್ಕ ನಿಮಗೆ ಸರಿ ಕಂಡದ್ದು. ಆದರೆ ಎಕ್ಸ್‌ರೇ ಕಾಣದ ಉದ್ದ ಬೆಸುಗೆಗೆ ಕೋಡ್ ಅನುಮತಿಸುವುದು 138ರ ಶೇಕಡಾ 70, ಅಂದರೆ 96.6. ಆ ಬೆಸುಗೆ ತನ್ನ ಮಿತಿಗಿಂತ ಶೇಕಡಾ 38ರಷ್ಟು ಹೆಚ್ಚು ಹೊರುತ್ತಿರುತ್ತದೆ. 8 ಮಿ.ಮೀ. ಶೆಲ್ ಸವೆದು 6.5 ಆದಾಗ ಅದೇ ಪೀಡನ 92.5ರ ಆಸುಪಾಸಿನಲ್ಲಿರುತ್ತದೆ, ಮಿತಿಯ ಒಳಗೆ.

ಇಲ್ಲಿ ಒಂದು ಅಪಾಯವನ್ನು ಒತ್ತಿ ಹೇಳಬೇಕಾಗಿದೆ. ನೀವು 6 ಮಿ.ಮೀ. ಪ್ಲೇಟಿನಿಂದ ಟ್ಯಾಂಕ್ ಮಾಡಿ ನೀರಿನ ಒತ್ತಡ ಪರೀಕ್ಷೆ ನಡೆಸಿದರೆ ಅದು ಬಹುಮಟ್ಟಿಗೆ ಪಾಸಾಗಿಬಿಡುತ್ತದೆ. ಡಿಸೈನ್ ಒತ್ತಡದ 1.3 ಪಟ್ಟು, ಅಂದರೆ 15.6 ಬಾರ್‌ನಲ್ಲಿ, ಹೊಸ 6 ಮಿ.ಮೀ. ಗೋಡೆಯ ಸುತ್ತು ಪೀಡನ 130 ಮೆಗಾಪ್ಯಾಸ್ಕಲ್. ಈ ಉಕ್ಕು ಬಗ್ಗಿ ಹಿಗ್ಗಲು ಶುರುವಾಗುವುದು 260ಕ್ಕೆ. ಬುಡದಲ್ಲಿ ಮೂರನೇ ಒಂದು ಭಾಗ ಕೂಡದೆ ಬಿಟ್ಟ ಬೆಸುಗೆ ಕೂಡ ಆ ಒಂದು ಪರೀಕ್ಷೆಯನ್ನು ಸೋರದೆ ದಾಟಬಹುದು. ಆದರೆ ಏರ್ ಟ್ಯಾಂಕ್ ಒಂದೇ ಸಲ ಒತ್ತಡ ಕಂಡು ಸುಮ್ಮನಿರುವ ಪಾತ್ರೆಯಲ್ಲ. ಕಂಪ್ರೆಸರ್ ಲೋಡ್ ಆದಾಗ ಏರುತ್ತದೆ, ಅನ್‌ಲೋಡ್ ಆದಾಗ ಇಳಿಯುತ್ತದೆ, ದಿನವಿಡೀ, ವರ್ಷಗಟ್ಟಲೆ. ಕೂಡದ ಬುಡದ ಗೆರೆ ಆ ಏರಿಳಿತದಲ್ಲಿ ಬಿರುಕಾಗಿ ಬೆಳೆಯುತ್ತದೆ. ಆದ್ದರಿಂದ ನೀರಿನ ಪರೀಕ್ಷೆ ಪಾಸಾಯಿತೆಂಬುದನ್ನು ದಪ್ಪ ಕಡಿಮೆ ಮಾಡಲು ಆಧಾರವಾಗಿ ಬಳಸಬಾರದು. ಹಾಗೆಯೇ ನೀರಿನ ಬದಲು ನಿಮ್ಮದೇ ಕಂಪ್ರೆಸರಿನ ಗಾಳಿಯನ್ನು ತುಂಬಿ ಪರೀಕ್ಷಿಸಲು ಹೋಗಬೇಡಿ. ನೀರು ಅಷ್ಟಾಗಿ ಕುಗ್ಗದ ಕಾರಣ ಟ್ಯಾಂಕ್ ಒಡೆದರೂ ಒತ್ತಡ ತಕ್ಷಣ ಬಿದ್ದುಹೋಗುತ್ತದೆ. ಒತ್ತಿ ತುಂಬಿದ ಗಾಳಿ ಮಾತ್ರ ಹಿಗ್ಗುತ್ತಲೇ ಹೋಗಿ ಪ್ಲೇಟಿನ ತುಂಡುಗಳನ್ನು ಎಸೆಯುತ್ತದೆ.

ಈಗ ಎಕ್ಸ್‌ರೇಯ ಲಾಭ ನಷ್ಟ. ಅಲ್ಲಲ್ಲಿ ತೆಗೆಸಿದರೆ E 0.85 ಆಗುತ್ತದೆ, ದಪ್ಪ 601.8 ಭಾಗಿಸು 116.58, ಅಂದರೆ 5.16, ತುಕ್ಕು ಸೇರಿ 6.66. ಇದಕ್ಕೆ 6 ಮಿ.ಮೀ. ಸಾಲದು, 7 ಮಿ.ಮೀ. ಪ್ಲೇಟ್ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಅಳತೆಯಲ್ಲ, ಆದ್ದರಿಂದ ಮತ್ತೆ 8ಕ್ಕೇ ಬರುತ್ತೀರಿ. ಪ್ಲೇಟ್ ಉಳಿಯುವುದಿಲ್ಲ, ಆದರೆ ಬೇರೆ ಒಂದು ಲಾಭವಿದೆ: ಅದೇ 8 ಮಿ.ಮೀ. ಗೋಡೆ ಈಗ 1.5ರ ಬದಲು ಸುಮಾರು 2.8 ಮಿ.ಮೀ. ತುಕ್ಕನ್ನು ತಾಳಬಲ್ಲದು. ನಿಮ್ಮ ಟ್ಯಾಂಕಿನ ಶೆಲ್ಲನ್ನು ಒಂದೊಂದು ಮೀಟರಿನ ಎರಡು ದುಂಡು ತುಂಡುಗಳಾಗಿ, ಅಂದರೆ ಎರಡು ಕೋರ್ಸುಗಳಾಗಿ, ಮಾಡಿದಿರಿ ಎನ್ನೋಣ. ಉದ್ದ ಬೆಸುಗೆ ಒಟ್ಟು 2 ಮೀಟರ್, ಸುತ್ತು ಬೆಸುಗೆಗಳು ಮೂರು, ಎಲ್ಲ ಸೇರಿ ಸುಮಾರು 11.4 ಮೀಟರ್. ಕೋಡ್ ಪ್ರತಿ 15 ಮೀಟರಿಗೆ ಕನಿಷ್ಠ 150 ಮಿ.ಮೀ. ಉದ್ದದ ಒಂದು ಚಿತ್ರ ಕೇಳುತ್ತದೆ, ಜೊತೆಗೆ ಕೆಲಸ ಮಾಡಿದ ಪ್ರತಿಯೊಬ್ಬ ವೆಲ್ಡರನ ಬೆಸುಗೆಯೂ ಅದರಲ್ಲಿ ಬರಬೇಕು. ಎಲ್ಲ ಬೆಸುಗೆಯನ್ನೂ ಒಬ್ಬನೇ ಹಾಕಿದ್ದರೆ ಒಂದೇ ಚಿತ್ರದಲ್ಲಿ ಮುಗಿಯುತ್ತದೆ. ಇಷ್ಟು ಸಣ್ಣ ಖರ್ಚಿಗೆ ಟ್ಯಾಂಕಿನ ಆಯುಷ್ಯ ಇಷ್ಟು ಬೆಳೆಯುವುದರಿಂದ, ನನ್ನ ಅಭಿಪ್ರಾಯದಲ್ಲಿ ಈ ಆರ್ಡರಿಗೆ ಇದೇ ಒಳ್ಳೆಯ ದಾರಿ.

ಪೂರ್ತಿ ಎಕ್ಸ್‌ರೇ ಮಾಡಿಸಿದರೆ ದಪ್ಪ 4.38, ತುಕ್ಕು ಸೇರಿ 5.88. 6 ಮಿ.ಮೀ. ಪ್ಲೇಟ್ ಆಗ ನಿಯಮಕ್ಕೆ ಒಪ್ಪುತ್ತದೆ, ಶೆಲ್ಲಿನಲ್ಲಿ ಸುಮಾರು 99 ಕಿಲೋ ಉಕ್ಕು ಉಳಿಯುತ್ತದೆ. ಆದರೆ ಉಳಿಕೆಯ ಅಂತರ 0.12 ಮಿ.ಮೀ. ಮಾತ್ರ. ಎಲ್ಲೋ ಒಂದು ಕಡೆ ಬೆಸುಗೆಯ ಪಕ್ಕ ಗ್ರೈಂಡರ್ ಸ್ವಲ್ಪ ಹೆಚ್ಚು ಕೂತರೆ ಆ ಅಂತರ ಮುಗಿಯಿತು. ಉದ್ದ ಬೆಸುಗೆಯನ್ನು 1.0 ಎಂದು ಹೇಳಿಕೊಳ್ಳಬೇಕಾದರೆ ಅದನ್ನು ಕೂಡುವ ಸುತ್ತು ಬೆಸುಗೆಗಳಿಗೂ ಕನಿಷ್ಠ ಅಲ್ಲಲ್ಲಿ ಎಕ್ಸ್‌ರೇ ಇರಬೇಕೆಂಬ ಷರತ್ತೂ ಇದೆ. ಒಂದೇ ಬಗೆಯ ಹತ್ತಾರು ಟ್ಯಾಂಕ್ ಮಾಡುವವರಿಗೆ ಇದು ಲಾಭವಾಗಬಹುದು, ಒಂದು ಟ್ಯಾಂಕಿಗೆ ನಾನು ಈ ದಾರಿ ಸೂಚಿಸುವುದಿಲ್ಲ.

ಸುತ್ತು ಬೆಸುಗೆಯ ಲೆಕ್ಕವನ್ನೂ ಒಮ್ಮೆ ನೋಡಿಬಿಡೋಣ, ಏಕೆಂದರೆ ಕೊನೆಯ ಡಿಶ್ ಮುಚ್ಚುವಾಗ ಒಳಗಿನಿಂದ ಬೆಸುಗೆ ಹಾಕುವುದು ಕಷ್ಟವಾಗಿ, ಒಂದೇ ಬದಿಯಿಂದ ಬ್ಯಾಕಿಂಗ್ ಪಟ್ಟಿ ಇಟ್ಟು ಹಾಕುವುದು ವಾಡಿಕೆ. ಆಗ E 0.65. ಉದ್ದ ಪೀಡನಕ್ಕೆ ಬೇಕಾಗುವ ದಪ್ಪ:

```
t = P·R / (2·S·E + 0.4·P)
  = 601.8 / (179.4 + 0.48)
  = 3.35 mm
```

ಉದ್ದ ಬೆಸುಗೆ ಕೇಳಿದ 6.28ಕ್ಕೆ ಹೋಲಿಸಿದರೆ ಇದು ಅರ್ಧದಷ್ಟು. ಸುತ್ತು ಬೆಸುಗೆಯ ದಕ್ಷತೆ ಉದ್ದ ಬೆಸುಗೆಯ ದಕ್ಷತೆಯ ಅರ್ಧಕ್ಕಿಂತ ಕೆಳಗೆ ಇಳಿದರೆ ಮಾತ್ರ ದಪ್ಪವನ್ನು ಅದು ನಿರ್ಧರಿಸುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಆ ಪ್ರಸಂಗ ಬರುವುದಿಲ್ಲ. ಹೀಗಾಗಿ ನಿಮ್ಮ ಅತ್ಯುತ್ತಮ ವೆಲ್ಡರನನ್ನು ಉದ್ದ ಬೆಸುಗೆಗೆ ನಿಲ್ಲಿಸಿ. ಬ್ಯಾಕಿಂಗ್ ಪಟ್ಟಿಯೂ ಇಲ್ಲದ ಒಂದೇ ಬದಿಯ ಬೆಸುಗೆಯನ್ನು ಕೋಡ್ 600 ಮಿ.ಮೀ. ಹೊರವ್ಯಾಸದ ಒಳಗಿನ ಪಾತ್ರೆಗಳ ಸುತ್ತು ಬೆಸುಗೆಗೆ ಮಾತ್ರ ಬಿಡುತ್ತದೆ, 1000 ಮಿ.ಮೀ. ಟ್ಯಾಂಕಿಗೆ ಅದು ಸಲ್ಲದು.

0.70 ಎಂಬ ಅಂಕಿಯನ್ನು ಪಡೆಯಲು ಬೆಸುಗೆ ನಿಜವಾಗಿಯೂ ಎರಡೂ ಬದಿಯದಾಗಿರಬೇಕು. ಒಳಗಿನಿಂದ ಹಾಕಿ ಮುಗಿಸಿದ ಮೇಲೆ ಹೊರಗಿನಿಂದ ಗೌಜಿಂಗ್ ಅಥವಾ ಗ್ರೈಂಡಿಂಗ್ ಮಾಡಿ, ಮೊದಲ ಪದರದ ಶುದ್ಧ ಲೋಹ ಕಾಣುವವರೆಗೆ ಕೆರೆದು, ಆಮೇಲೆ ಹೊರಗಿನ ಬೆಸುಗೆ ಹಾಕಬೇಕು. ಕೆರೆಯದೆ ಎರಡನೇ ಬದಿ ಹಾಕಿದರೆ ಎರಡು ಬೆಸುಗೆಗಳ ನಡುವೆ ಕೂಡದ ಗೆರೆ ಉಳಿಯುತ್ತದೆ, ಅದು ಹೊರಗಿನಿಂದ ಎಂದೂ ಕಾಣುವುದಿಲ್ಲ. ಈ ಕೊರತೆಯನ್ನು ಮೇಲೆ ಇನ್ನೊಂದು ದಪ್ಪ ರನ್ ಹಾಕಿ ಮುಚ್ಚಲು ನೋಡುವುದೂ ಉಪಯೋಗವಿಲ್ಲ. ಉಬ್ಬಿದ ಬೆಸುಗೆಯ ಅಂಚಿನಲ್ಲಿ ಪೀಡನ ಇನ್ನಷ್ಟು ಒಟ್ಟುಗೂಡುತ್ತದೆ. ಆದ್ದರಿಂದಲೇ ಈ ದಪ್ಪದ ಉದ್ದ ಬೆಸುಗೆಯಲ್ಲಿ ಉಬ್ಬು 2.5 ಮಿ.ಮೀ. ಮೀರಬಾರದೆಂದು ಕೋಡ್ ಮಿತಿ ಹಾಕಿದೆ.

ಸಣ್ಣ ವರ್ಕ್‌ಶಾಪುಗಳಲ್ಲಿ ಇದಕ್ಕಿಂತ ಹೆಚ್ಚಾಗಿ ಕಾಣುವ ದೋಷ ರೋಲಿಂಗಿನಲ್ಲಿ ಹುಟ್ಟುತ್ತದೆ. ಮೂರು ರೋಲಿನ ಮಷಿನ್ನಿನಲ್ಲಿ ಪ್ಲೇಟಿನ ಎರಡು ತುದಿಗಳು ಬಾಗದೆ ಚಪ್ಪಟೆಯಾಗಿ ಉಳಿಯುತ್ತವೆ. ಆ ತುದಿಗಳನ್ನು ಮೊದಲೇ ಪ್ರೆಸ್ಸಿನಲ್ಲಿ ಬಾಗಿಸದೆ ಕೂಡಿಸಿದರೆ ಬೆಸುಗೆಯ ಜಾಗದಲ್ಲಿ ಶೆಲ್ ದುಂಡಾಗಿರದೆ ಮನೆಯ ಮಾಡಿನಂತೆ ಮೊನೆಯಾಗುತ್ತದೆ. ಒತ್ತಡ ಏರಿದಾಗ ಶೆಲ್ ದುಂಡಾಗಲು ಯತ್ನಿಸಿ ಆ ಮೊನೆಯನ್ನು ಒಳಗೆ ಒತ್ತುತ್ತದೆ, ಒತ್ತಡ ಇಳಿದಾಗ ಬಿಡುತ್ತದೆ. ಸರಳ ಸೂತ್ರದಲ್ಲಿ ಇಲ್ಲವೇ ಇಲ್ಲದ ಬಾಗುವಿಕೆಯ ಪೀಡನ ಹೀಗೆ ಸರಿಯಾಗಿ ಉದ್ದ ಬೆಸುಗೆಯ ಮೇಲೆಯೇ ಬೀಳುತ್ತದೆ. ಎರಡು ಅಂಚುಗಳು ಒಂದರ ಎದುರು ಒಂದು ಸರಿಯಾಗಿ ಕೂರದೆ ಮೇಲೆ ಕೆಳಗೆ ಆದರೂ ಇದೇ ಆಗುತ್ತದೆ. 6.5 ಮಿ.ಮೀ. ಗೋಡೆಯಲ್ಲಿ 1 ಮಿ.ಮೀ. ಏರುಪೇರು ಇದ್ದರೆ ಸಾಕು, ಬೆಸುಗೆಯ ಮೈಯಲ್ಲಿ ಇರುವ ಪೀಡನಕ್ಕೆ ಅದರ ಹತ್ತಿರ ಹತ್ತಿರ ಅರ್ಧದಷ್ಟು ಬಾಗುವಿಕೆಯ ಪೀಡನ ಸೇರಿಕೊಳ್ಳುತ್ತದೆ. ಕೋಡ್ ಈ ದಪ್ಪಕ್ಕೆ ಗೋಡೆಯ ಕಾಲು ಭಾಗದವರೆಗೆ, ಅಂದರೆ 2 ಮಿ.ಮೀ. ತನಕ, ಬಿಡುತ್ತದೆಯಾದರೂ, ದಿನವಿಡೀ ಏರಿಳಿಯುವ ಏರ್ ಟ್ಯಾಂಕಿಗೆ ಅಷ್ಟನ್ನು ಬಳಸಿಕೊಳ್ಳದಿರುವುದು ಒಳ್ಳೆಯದು. ಹೊರ ತ್ರಿಜ್ಯಕ್ಕೆ ಸರಿಯಾಗಿ ತಗಡಿನ ಟೆಂಪ್ಲೇಟ್ ಕತ್ತರಿಸಿ, ಉಬ್ಬಿನ ಜಾಗದಲ್ಲಿ ಒಂದು ಕಚ್ಚು ಬಿಟ್ಟು, ಬೆಸುಗೆಯ ಮೇಲೆ ನಾಲ್ಕಾರು ಕಡೆ ಇಟ್ಟು ನೋಡಿದರೆ ಮೊನೆ ತಕ್ಷಣ ಗೊತ್ತಾಗುತ್ತದೆ. ಒಟ್ಟಾರೆ ದುಂಡುತನಕ್ಕೆ ದೊಡ್ಡ ಮತ್ತು ಚಿಕ್ಕ ವ್ಯಾಸಗಳ ಅಂತರ 10 ಮಿ.ಮೀ. ಮೀರಬಾರದು.

ಎರಡು ಕೋರ್ಸುಗಳ ಉದ್ದ ಬೆಸುಗೆಗಳು ಒಂದೇ ಸಾಲಿನಲ್ಲಿ ಬರದಂತೆ ತಿರುಗಿಸಿ ಜೋಡಿಸಿ. ಕೋಡ್ ಕೇಳುವ ಕನಿಷ್ಠ ಅಂತರ ದಪ್ಪದ ಐದು ಪಟ್ಟು, ಅಂದರೆ 40 ಮಿ.ಮೀ.; ದೊಡ್ಡ ಶೆಲ್ಲಿನಲ್ಲಿ ಇನ್ನೂ ಹೆಚ್ಚು ಬಿಡಲು ಯಾವ ಅಡ್ಡಿಯೂ ಇಲ್ಲ. ಟ್ಯಾಂಕ್ ಅಡ್ಡಲಾಗಿ ಮಲಗಿಸುವುದಾದರೆ ಉದ್ದ ಬೆಸುಗೆಯನ್ನು ಕೆಳಗೆ ತರಬೇಡಿ. ಗಾಳಿಯಲ್ಲಿನ ತೇವ ನೀರಾಗಿ ನಿಲ್ಲುವುದು ಅಲ್ಲಿಯೇ, ತುಕ್ಕು ಮೊದಲು ತಿನ್ನುವುದೂ ಅಲ್ಲಿಯೇ. ಕಾಲುಗಳ ಪ್ಯಾಡ್, ಡ್ರೈನ್ ಮತ್ತು ಇತರ ನಾಝಲ್‌ಗಳನ್ನೂ ಬೆಸುಗೆಯಿಂದ ದೂರವಿಡಿ.

ಡಿಶ್‌ಗಳಿಗೆ ಬೇರೆ ಸೂತ್ರವಿದೆ. ಎರಡಕ್ಕೊಂದರ ಎಲಿಪ್ಸಾಯ್ಡಲ್ ಡಿಶ್ ಆದರೆ, ಒಂದೇ ಪ್ಲೇಟಿನಿಂದ ಒತ್ತಿ ತೆಗೆದದ್ದಾಗಿದ್ದರೂ, ಎಕ್ಸ್‌ರೇ ಇಲ್ಲದ ಟ್ಯಾಂಕಿನಲ್ಲಿ 0.85 ಹಿಡಿಯಬೇಕು, ತುಕ್ಕು ಸೇರಿ 6.64 ಮಿ.ಮೀ. ಬರುತ್ತದೆ. ಒತ್ತುವಾಗ ಡಿಶ್ ತೆಳುವಾಗುವುದರಿಂದ 8 ಮಿ.ಮೀ. ಪ್ಲೇಟಿನಿಂದ ಮಾಡಿದ ಡಿಶ್ ತರಿಸಿ, ಮೂಲೆಯ ತಿರುವಿನಲ್ಲಿ ದಪ್ಪ ಅಳೆದು ತೆಗೆದುಕೊಳ್ಳಿ. ಇನ್ನೊಂದು ಮಾತು: ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳಿಂದ ಸ್ಟೀಮ್ ಪಾತ್ರೆಯ ಆರ್ಡರ್ ಬಂದರೆ ಈ ಲೆಕ್ಕವನ್ನೇ ನಕಲು ಮಾಡಬೇಡಿ. ಬಾಯ್ಲರಿಗೆ ಜೋಡಿಸಿದ ಸ್ಟೀಮ್ ಭಾಗಗಳಿಗೆ 1950ರ ಭಾರತೀಯ ಬಾಯ್ಲರ್ ನಿಯಮಗಳು ಅನ್ವಯಿಸುತ್ತವೆ, ಅಲ್ಲಿ ಉಷ್ಣತೆಯಿಂದ ಅನುಮತಿ ಪೀಡನವೂ ಬದಲಾಗುತ್ತದೆ, ಅನುಮೋದನೆಯ ದಾರಿಯೂ ಬೇರೆ.

ನೇಮ್ ಪ್ಲೇಟಿನಲ್ಲಿ ಡಿಸೈನ್ ಒತ್ತಡದ ಜೊತೆಗೆ ಹೊಸದಾಗಿದ್ದಾಗಿನ ದಪ್ಪ, ತುಕ್ಕಿನ ಅಂಶ ಮತ್ತು ಬಳಸಿದ E ಮೂರನ್ನೂ ಕೊರೆಸಿ. ವರ್ಷಗಳ ನಂತರ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಮೀಟರ್ ಹಿಡಿದು ಬರುವವರಿಗೆ ಈ ಮೂರು ಅಂಕಿಗಳಿಲ್ಲದೆ ಏನನ್ನೂ ನಿರ್ಧರಿಸಲಾಗದು. ಎಕ್ಸ್‌ರೇ ಇಲ್ಲದೆ 8 ಮಿ.ಮೀ.ನಲ್ಲಿ ಮಾಡಿದ ಟ್ಯಾಂಕಾದರೆ, ಶೆಲ್ಲಿನ ಅಳತೆ 6.3 ಮಿ.ಮೀ.ಗೆ ಬಂದಾಗ 12 ಬಾರ್‌ನ ಅವಧಿ ಮುಗಿಯಿತು. ಉದಾಹರಣೆಗೆ ಕೆಳಭಾಗದಲ್ಲಿ 6.0 ಮಿ.ಮೀ. ಎಂದು ತೋರಿಸಿದರೆ ಆಗ ತಾಳುವ ಒತ್ತಡವನ್ನು ಅದೇ ಸೂತ್ರವನ್ನು ತಿರುಗಿಸಿ ಹೀಗೆ ಕಂಡುಕೊಳ್ಳಬಹುದು:

```
P = S·E·t / (R + 0.6·t)
  = 96.6 × 6.0 / (502 + 3.6)
  = 1.146 MPa
```

ಅಂದರೆ ಸುಮಾರು 11.4 ಬಾರ್, ಅದೂ ಮುಂದಿನ ಸವೆತಕ್ಕೆ ಏನನ್ನೂ ಬಿಡದೆ. ಮುಂದಿನ ತಪಾಸಣೆಯ ತನಕ ಇನ್ನೆಷ್ಟು ಸವೆಯಬಹುದೆಂಬುದನ್ನು ಹಿಂದಿನ ಅಳತೆಗಳಿಂದ ಅಂದಾಜಿಸಿ, ಅಷ್ಟನ್ನು 6.0ರಿಂದ ಕಳೆದು ಮತ್ತೆ ಲೆಕ್ಕ ಹಾಕಿ, ಬಂದ ಒತ್ತಡಕ್ಕೆ ಸೇಫ್ಟಿ ವಾಲ್ವನ್ನು ಇಳಿಸಬೇಕು. ಕಂಪ್ರೆಸರ್ ಅನ್‌ಲೋಡ್ ಆಗುವ ಒತ್ತಡವನ್ನು ಅದಕ್ಕೂ ಕೆಳಗೆ ಹೊಂದಿಸಬೇಕು.